ಹಿಜರಿ ತಿಂಗಳ ಪೂರ್ವಗಣನೆ

ಸರ್ಕಾರಿ ರಜೆಗಳ ಪಟ್ಟಿಯು ವರ್ಷಾರಂಭಕ್ಕೆ ಮೊದಲೇ ಸಿದ್ಧವಾಗಬೇಕಾದುದರಿಂದ, 2024ರ ಖುತುಬ್-ಎ-ರಂಜಾನ್ ಏಪ್ರಿಲ್ 11ರಂದೆಂದು ಕರ್ನಾಟಕದಲ್ಲಿ ಮುಂಚಿತವಾಗಿಯೇ ಗೊತ್ತುಮಾಡಲಾಗಿದ್ದಿತು. ಒಳನಾಡಿನಲ್ಲಿ ಹಬ್ಬವು ಅಂದೇ ನಡೆಯಿತು. ಕೇರಳದಲ್ಲಿಯೂ ನಮ್ಮ ಕರಾವಳಿಯಲ್ಲಿಯೂ ಒಂದು ದಿನ ಮೊದಲೇ ನಡೆದುಹೋಯಿತು. ಈ ಅಂತರವು ಗಣಿತದ ದೋಷವೇ?

ಹಿಜರಿ ತಿಂಗಳ ಇಪ್ಪತ್ತೊಂಬತ್ತನೆಯ ದಿನದ ಸಂಜೆ ಚಂದ್ರದರ್ಶನವಾದರೆ ಹೊಸ ತಿಂಗಳು ಹುಟ್ಟುತ್ತದೆ. ಆಗದಿದ್ದರೆ ಮೂವತ್ತು ದಿನ ತುಂಬುತ್ತವೆ. ಚಾಂದ್ರಮಾಸದ ಸರಾಸರಿ ಪರಿಮಾಣ 29.5306 ದಿನ. ಇದನ್ನೇ ಆಧರಿಸಿ, ಮೂವತ್ತು ವರ್ಷಗಳಲ್ಲಿ ಹನ್ನೊಂದು ವರ್ಷಗಳಿಗೆ ಒಂದೊಂದು ದಿನವನ್ನು ಕೂಡಿಸುವ ಪ್ರಾಚೀನ ಗಣನಕ್ರಮವೊಂದುಂಟು. ಆದರೆ ಚಂದ್ರನ ಗತಿ ಏಕರೂಪವಾದುದಲ್ಲ. 2024ರ ಏಪ್ರಿಲ್ 8ರ ರಾತ್ರಿ 11 ಗಂಟೆ 51 ನಿಮಿಷಕ್ಕೆ ಮುಗಿದ ಅಮಾವಾಸ್ಯೆಗೆ ಎಪ್ಪತ್ತೊಂದು ಸರಾಸರಿ ಮಾಸಗಳನ್ನು ಕೂಡಿಸಿದರೆ, ರಂಜಾನ್ ಮಾಸಕ್ಕೆ ಮುಂಚಿನ ಅಮಾವಾಸ್ಯೆಯ ಕಾಲವಾಗಿ 2030ರ ಜನವರಿ 4ರ ಸಾಯಂಕಾಲ ನಾಲ್ಕು ಗಂಟೆ ದೊರೆಯುತ್ತದೆ. ಸ್ಫುಟಗಣಿತವಾದರೋ ಅಂದು ಬೆಳಗಿನ ಎಂಟೂಕಾಲನ್ನು ಸೂಚಿಸುತ್ತದೆ.

ಕೋಲ್ಕತ್ತದ ಪೊಸಿಷನಲ್ ಆಸ್ಟ್ರಾನಮಿ ಸೆಂಟರ್ ಪ್ರಕಟಿಸುವಂಥ ಕೋಷ್ಟಕಗಳಲ್ಲಿ ಪ್ರತಿಯೊಂದು ಅಮಾವಾಸ್ಯೆಯನ್ನೂ ಸ್ವತಂತ್ರವಾಗಿ ಗಣಿಸುವುದರಿಂದ, ಒಂದು ತಿಂಗಳ ಸಂದೇಹವು ಮುಂದಿನದಕ್ಕೆ ಸಂಕ್ರಮಿಸಿ ಬೆಳೆಯುವುದಿಲ್ಲ. 2030ರ ಆ ಸಂಜೆ ಚಿತ್ರದುರ್ಗದ ಸೂರ್ಯಾಸ್ತಕ್ಕೆ ಚಂದ್ರನ ವಯಸ್ಸು ಹತ್ತು ಗಂಟೆಗೂ ಕಡಿಮೆ. ಆದುದರಿಂದ ದರ್ಶನವು ಅಸಾಧ್ಯ. ಮರುದಿನ ಆ ವಯಸ್ಸು ಮೂವತ್ತನಾಲ್ಕು ಗಂಟೆಯಷ್ಟಾಗಿ ಚಂದ್ರನು ಸುಲಭವಾಗಿ ಕಾಣುವನಾದುದರಿಂದ, ಇಲ್ಲಿ ಆ ರಂಜಾನ್ ಮಾಸದ ಮೊದಲ ಉಪವಾಸ ಜನವರಿ 6ರಂದೆಂದು ಇಂದೇ ಧೈರ್ಯವಾಗಿ ಬರೆದಿಡಬಹುದು.

2024ರ ಏಪ್ರಿಲ್ 9ರ ಸಂಜೆಯು ಅಂಥದಾಗಿರಲಿಲ್ಲ. ಚಿತ್ರದುರ್ಗದಲ್ಲಿ ಸೂರ್ಯನು ಮುಳುಗುವಾಗ ಚಂದ್ರನಿಗೆ ಸುಮಾರು ಹದಿನೆಂಟೂಮುಕ್ಕಾಲು ಗಂಟೆ ವಯಸ್ಸು. ಸೂರ್ಯನಿಂದ ಅವನಿದ್ದ ದೂರ ಸುಮಾರು ಹತ್ತು ಅಂಶ. ಆಕಾಶವು ನಿರ್ಮಲವಾಗಿದ್ದರೆ ಕಾಣಬಹುದಾದ, ಧೂಳೋ ಮೋಡವೋ ದಿಗಂತವನ್ನು ಮುಸುಕಿದರೆ ತಪ್ಪಿಹೋಗಬಹುದಾದ ಮಧ್ಯಮ ಸ್ಥಿತಿ ಅದು. ಹೊಳಲ್ಕೆರೆ, ಹೊಸದುರ್ಗ, ಚಿತ್ರದುರ್ಗ, ಹಿರಿಯೂರುಗಳೊಳಗೆ ರೇಖಾಂಶದ ಭೇದವು ಅರ್ಧ ಅಂಶಕ್ಕೂ ಕಡಿಮೆಯಿದ್ದು, ಕಾಲದಲ್ಲಿ ಎರಡು ನಿಮಿಷವನ್ನೂ ಮೀರದು. ಅಂದು ಚಂದ್ರನನ್ನು ಕಂಡೆವೆಂದ ಕೇರಳದ ಪೊನ್ನಾನಿಯೂ ಹೆಚ್ಚುಕಡಿಮೆ ಇದೇ ರೇಖಾಂಶದಲ್ಲಿಯೇ ಇದೆ. ಹಬ್ಬದ ದಿನವು ಬೇರೆಯಾದುದು ಚಂದ್ರನ ಸ್ಥಾನಭೇದಕ್ಕಿಂತ ಹೆಚ್ಚಾಗಿ ಆಯಾ ಸ್ಥಳದ ಆಕಾಶದಿಂದ, ನೋಡಿದವರ ಕಣ್ಣಿನಿಂದ, ಸಾಕ್ಷ್ಯವನ್ನು ಸ್ವೀಕರಿಸಿದ ಸಮಿತಿಯ ನಿರ್ಣಯದಿಂದ.

ಆದುದರಿಂದ ಮುಂದಿನ ವರ್ಷಗಳ ಪಟ್ಟಿಯಲ್ಲಿ ಪ್ರತಿ ದಿನಾಂಕದ ಮಗ್ಗುಲಲ್ಲೂ ಸಮಾನ ಸಂದೇಹವನ್ನು ಬರೆಯಬೇಕಾದುದಿಲ್ಲ. ಸೂರ್ಯಾಸ್ತದ ಹೊತ್ತಿಗೆ ಚಂದ್ರನ ವಯಸ್ಸು ಹದಿನೈದು ಗಂಟೆಗೆ ಕಡಿಮೆಯಿದ್ದರೆ ಅವನು ಬರಿಗಣ್ಣಿಗೆ ಕಾಣನೆಂದೇ ತಿಳಿಯಬಹುದು. ಇಪ್ಪತ್ತನಾಲ್ಕನ್ನು ಚೆನ್ನಾಗಿ ಮೀರಿದ್ದರೆ ನಮ್ಮ ಅಕ್ಷಾಂಶದಲ್ಲಿ ಸಾಮಾನ್ಯವಾಗಿ ಕಾಣುವನೆನ್ನಬಹುದು. ಇವೆರಡರ ನಡುವೆ ಬೀಳುವ ತಿಂಗಳುಗಳಿಗೆ ಮಾತ್ರ ಎರಡು ದಿನಾಂಕಗಳನ್ನು ನಮೂದಿಸುವುದು ಪ್ರಾಮಾಣಿಕವಾದ ಕ್ರಮ.