ಷಿಕಾಗೊ ಏಳುವ ಮೊದಲು

ಬೆಂಗಳೂರು, ಮೈಸೂರು, ಹುಬ್ಬಳ್ಳಿಯ ಮನೆಗಳಲ್ಲಿ ಕೂತು ಕೆಲಸ ಮಾಡುವ ಸಾಫ್ಟ್‌ವೇರ್ ತಂಡವೊಂದು ಬೆಳಿಗ್ಗೆ 10ಕ್ಕೆ ವಿಡಿಯೊ ಕರೆಯಲ್ಲಿ ಸೇರುತ್ತದೆ ಎಂದುಕೊಳ್ಳಿ. ಇದೇ ಸ್ಟ್ಯಾಂಡ್‌ಅಪ್. ನಿನ್ನೆ ಏನಾಯಿತು, ಇವತ್ತೇನು ಮಾಡುವುದು, ಕೆಲಸ ಎಲ್ಲಿ ಸಿಕ್ಕಿಕೊಂಡಿದೆ ಎಂದು ಒಬ್ಬೊಬ್ಬರೂ ಹೇಳಿ 15 ನಿಮಿಷದಲ್ಲಿ ಮುಗಿಸುವುದು ವಾಡಿಕೆ. ಮಂಗಳವಾರದ ಟಿಪ್ಪಣಿ ಹೀಗಿದೆ:

“ರಿಫಂಡ್ ಪೇಜ್ ಆಲ್‌ಮೋಸ್ಟ್ ಆಯ್ತು. ಪೇಮೆಂಟ್ ಮತ್ತೆ ಕೈಕೊಡ್ತಿದೆ, ಟೈಮ್‌ಔಟ್ ಇರ್ಬೇಕು, ನೋಡ್ತಿದೀನಿ. ಅವರಿಂದ ಟೆಸ್ಟ್ ಕೀ ಇನ್ನೂ ಬಂದಿಲ್ಲ, ನಾಳೆಗೆ ಬೇಕು.”

ತಂಡದೊಳಗೆ ಇಷ್ಟು ಸಾಕು, ಅರ್ಥವಾಗದಿದ್ದರೆ ಅಲ್ಲೇ ಕೇಳಬಹುದು. ಷಿಕಾಗೊದ ಗ್ರಾಹಕರಿಗೆ ಆ ಅನುಕೂಲವಿಲ್ಲ. ಬೇಸಿಗೆಯಲ್ಲಿ ಅವರು ನಮಗಿಂತ ಹತ್ತೂವರೆ ಗಂಟೆ ಹಿಂದೆ. ಬೆಳಿಗ್ಗೆ 9ಕ್ಕೆ ಅವರು ಇದನ್ನು ಓದುವಾಗ ಇಲ್ಲಿ ಸಂಜೆ 7:30. ಅವರ ಪ್ರಶ್ನೆ ಬಂದು ನಮ್ಮ ಉತ್ತರ ತಲುಪುವಷ್ಟರಲ್ಲಿ ಒಂದು ದಿನ ಹೋಗಿರುತ್ತದೆ.

ಹೆಚ್ಚು ಹಾನಿ ಮಾಡುವುದು ‘ನಾಳೆಗೆ ಬೇಕು’ ಎಂಬ ಮಾತು. ಬುಧವಾರ ಬೆಳಿಗ್ಗೆ ಕೆಲಸ ಶುರುಮಾಡಲು ನಮಗೆ ಕೀ ಬೇಕು. ಮಂಗಳವಾರ ಇದನ್ನು ಓದಿದವರು ಬುಧವಾರ ಸಂಜೆ 5ಕ್ಕೆ ಕಳಿಸಿದರೂ ಅವರ ಲೆಕ್ಕದಲ್ಲಿ ತಡವಲ್ಲ. ನಮಗೆ ಆಗ ಗುರುವಾರ ಬೆಳಗಿನ ಜಾವ 3:30, ಬುಧವಾರವಿಡೀ ದಂಡ. ಹಾಗಾಗಿ ದಿನದ ಹೆಸರನ್ನೂ ಅವರ ಊರಿನ ಸಮಯವನ್ನೂ ಬರೆಯಲೇಬೇಕು. ನವೆಂಬರ್‌ನ ಮೊದಲ ಭಾನುವಾರ ಅಲ್ಲಿ ಗಡಿಯಾರ ಹಿಂದಕ್ಕೆ ಹೋಗಿ ಅಂತರ ಹನ್ನೊಂದೂವರೆ ಗಂಟೆಯಾಗುತ್ತದೆ ಎಂಬುದೂ ನೆನಪಿರಲಿ.

‘ಆಲ್‌ಮೋಸ್ಟ್’ ಎಂದರೆ ಎಷ್ಟು? ಡೆವಲಪರ್‌ನನ್ನು ಕೇಳಿದರೆ, ಕೋಡ್ ಬರೆದಾಗಿದೆ, ಪರೀಕ್ಷೆ ಆಗಿಲ್ಲ ಎನ್ನುತ್ತಾನೆ. ಪೇಮೆಂಟ್ ಕೈಕೊಡುತ್ತಿರುವುದು ಪರೀಕ್ಷೆಯ ಸರ್ವರ್‌ನಲ್ಲಿ ಮಾತ್ರ. ಇದನ್ನು ಬರೆಯದೆ ಬಿಟ್ಟರೆ, ಅಂಗಡಿಯೇ ನಿಂತಿದೆಯೆಂದು ಗ್ರಾಹಕರು ಗಾಬರಿಯಾಗುತ್ತಾರೆ. ಕೊನೆಗೆ ಹೋಗುವ ಇಂಗ್ಲಿಷ್ ಸಂದೇಶದ ಸಾರ ಇದು:

“ನಿಮ್ಮಿಂದ ಬೇಕಾದದ್ದು: ಪೇಮೆಂಟ್ ಟೆಸ್ಟ್ ಕೀ, ಮಂಗಳವಾರ ಷಿಕಾಗೊ ಸಮಯ ಸಂಜೆ 5ರೊಳಗೆ. ಅದಿಲ್ಲದೆ ರಿಫಂಡ್ ಪರೀಕ್ಷೆ ಆರಂಭವಾಗದು. ರಿಫಂಡ್ ಪುಟದ ಕೋಡ್ ಮುಗಿದಿದೆ. ಪರೀಕ್ಷೆಯ ಸರ್ವರ್‌ನಲ್ಲಿ ಕೆಲವು ಪೇಮೆಂಟ್‌ಗಳು ವಿಫಲವಾಗುತ್ತಿವೆ. ನಿಮ್ಮ ಖರೀದಿದಾರರಿಗೆ ತೊಂದರೆಯಿಲ್ಲ. ಟೈಮ್‌ಔಟ್ ಕಾರಣವೆಂಬ ಅನುಮಾನವಿದೆ, ಖಚಿತವಾಗಿಲ್ಲ.”

ಕೋರಿಕೆ ಮೊದಲು ಬಂದಿದೆ, ಏಕೆಂದರೆ ಫೋನಿನಲ್ಲಿ ಓದುವವರು ಮೊದಲೆರಡು ಸಾಲಿಗೇ ನಿಲ್ಲಿಸಬಹುದು. ಕೊನೆಯ ಸಾಲನ್ನು ಚುಟುಕಾಗಿಸುವ ಆಸೆಗೆ ‘ಕಾರಣ ಟೈಮ್‌ಔಟ್’ ಎಂದು ಬರೆಯುವವರಿದ್ದಾರೆ. ಅಲ್ಲಿಗೆ ಊಹೆ ವರದಿಯಾಯಿತು. ಎರಡು ದಿನ ಬಿಟ್ಟು ಕಾರಣ ಬೇರೆಯೇ ಎಂದು ಗೊತ್ತಾದಾಗ ಗ್ರಾಹಕರು ಹಿಂದಿನ ಸಂದೇಶಗಳನ್ನೆಲ್ಲ ಅನುಮಾನದಿಂದ ನೋಡತೊಡಗುತ್ತಾರೆ. ಕಳಿಸುವ ಮೊದಲು ತಿದ್ದಿದ ಸಾಲುಗಳನ್ನು ಆ ಕೆಲಸ ಮಾಡುತ್ತಿರುವವನಿಗೇ ತೋರಿಸಿದರೆ ಇಂಥದ್ದು ಅಲ್ಲೇ ಸಿಕ್ಕಿಬೀಳುತ್ತದೆ.