ಮುಚ್ಚಳಕ್ಕಿಂತ ದೊಡ್ಡ ಅಚ್ಚು

ಅಡುಗೆಮನೆಯ ಪ್ಲಾಸ್ಟಿಕ್ ಡಬ್ಬಿಯೊಂದರ ದುಂಡು ಮುಚ್ಚಳವನ್ನು ಅಳೆದು ನೋಡಿ. ಅದರ ಅಗಲ ಸರಿಯಾಗಿ 120 ಮಿ.ಮೀ. ಇದೆ ಎಂದುಕೊಳ್ಳೋಣ. ಅದನ್ನು ಎರಕ ಹೊಯ್ದ ಉಕ್ಕಿನ ಅಚ್ಚಿನ ಗುಳಿ, ಟೂಲ್‌ರೂಮಿನವರ ಮಾತಿನಲ್ಲಿ ಕ್ಯಾವಿಟಿ, 120 ಮಿ.ಮೀ. ಇರುವುದಿಲ್ಲ. ಅದು ಹೆಚ್ಚುಕಡಿಮೆ 122 ಇರುತ್ತದೆ. ಸುಮಾರು 220 ಡಿಗ್ರಿಯಲ್ಲಿ ಕರಗಿ ಅಚ್ಚಿಗೆ ನುಗ್ಗಿದ ಪಾಲಿಪ್ರೊಪಿಲೀನ್ ತಣ್ಣಗಾಗುತ್ತ ಕುಗ್ಗುತ್ತದೆ. ಬರೀ ಬಿಸಿ ಇಳಿದದ್ದಕ್ಕೆ ಇಷ್ಟೊಂದು ಕುಗ್ಗುವುದಿಲ್ಲ. ಇದರ ಅಣುಸರಪಳಿಗಳು ಆರುವಾಗ ಹರಳಿನಂತೆ ಒತ್ತೊತ್ತಾಗಿ ಜೋಡಿಸಿಕೊಳ್ಳುತ್ತವೆ, ಹಿಡಿಯುವ ಜಾಗ ಕಡಿಮೆಯಾಗುತ್ತದೆ. ಹರಳುಗಟ್ಟದ ಎಬಿಎಸ್ ಕುಗ್ಗುವುದು ಅರ್ಧ ಶೇಕಡಾದ ಆಸುಪಾಸು. ಪಾಲಿಪ್ರೊಪಿಲೀನ್ ಒಂದರಿಂದ ಎರಡು ಶೇಕಡಾ, ಕೆಲವೊಮ್ಮೆ ಅದಕ್ಕೂ ಹೆಚ್ಚು.

ಹಾಗಾದರೆ ಅಚ್ಚನ್ನು ಎಷ್ಟು ದೊಡ್ಡದು ಕೊರೆಯಬೇಕು? ಕುಗ್ಗುವಿಕೆ 1.5% ಎಂದಿಟ್ಟುಕೊಂಡರೆ, 120ಕ್ಕೆ ಅದರ ಒಂದೂವರೆ ಶೇಕಡಾ ಸೇರಿಸಿ 121.80 ಎನ್ನುವವರೇ ಹೆಚ್ಚು. ಇದರಲ್ಲೊಂದು ಸಣ್ಣ ತಪ್ಪಿದೆ. 100 ರೂಪಾಯಿಯ ಸೀರೆಗೆ 20% ರಿಯಾಯಿತಿ ಕೊಟ್ಟರೆ 80 ಆಗುತ್ತದೆ; ಆ 80ಕ್ಕೆ ಮತ್ತೆ 20% ಸೇರಿಸಿದರೆ 100 ಬರುವುದಿಲ್ಲ, 96 ಬರುತ್ತದೆ. ಇಲ್ಲೂ ಹಾಗೆಯೇ. ಶೇಕಡಾ ಲೆಕ್ಕ ಅಚ್ಚಿನ ಅಳತೆಯ ಮೇಲೆ, ಮುಚ್ಚಳದ ಅಳತೆಯ ಮೇಲಲ್ಲ. ಆದ್ದರಿಂದ ಭಾಗಿಸಬೇಕು:

ಅಚ್ಚಿನ ಅಳತೆ = ವಸ್ತುವಿನ ಅಳತೆ ÷ (1 − ಕುಗ್ಗುವಿಕೆ)

120 ÷ 0.985 = 121.83. ವ್ಯತ್ಯಾಸ 0.03 ಮಿ.ಮೀ. ಅಷ್ಟೆ, ಮುಚ್ಚಳಕ್ಕೆ ಅದು ಲೆಕ್ಕಕ್ಕಿಲ್ಲ. ಆದರೆ 2% ಕುಗ್ಗುವ ಪ್ಲಾಸ್ಟಿಕ್ಕಿನಲ್ಲಿ 300 ಮಿ.ಮೀ. ಉದ್ದದ ಭಾಗ ಮಾಡುವಾಗ ಅದೇ ತಪ್ಪು 0.12 ಮಿ.ಮೀ. ಆಗುತ್ತದೆ. ನಿಖರವಾಗಿ ಕೂರಬೇಕಾದ ಭಾಗಕ್ಕೆ ಅಷ್ಟು ಸಾಕು, ಕೂರದೆ ಹೋಗಲು.

ಮುಚ್ಚಳದ ನಡುವೆ ಹಿಡಿಕೆ ಸಿಕ್ಕಿಸಲು 20 ಮಿ.ಮೀ. ತೂತು ಇದ್ದರೆ? ಸುತ್ತಲಿನ ಪ್ಲಾಸ್ಟಿಕ್ ಕುಗ್ಗಿದರೆ ತೂತು ಹಿಗ್ಗಬಹುದೆಂದು ಅನೇಕರಿಗೆ ಅನಿಸುತ್ತದೆ. ಎತ್ತಿನ ಗಾಡಿಯ ಚಕ್ರಕ್ಕೆ ಕಬ್ಬಿಣದ ಪಟ್ಟಿ ಹಾಕುವುದನ್ನು ಕಂಡವರಿಗೆ ಈ ಅನುಮಾನ ಬರುವುದಿಲ್ಲ. ಕೆಂಪಗೆ ಕಾಯಿಸಿ ತೊಡಿಸಿದ ಪಟ್ಟಿ ಆರಿದಾಗ ಅದರ ಒಳಬಾಯಿಯೂ ಕಿರಿದಾಗಿ ಚಕ್ರವನ್ನು ಬಿಗಿಹಿಡಿಯುತ್ತದೆ. ತೂತೂ ಕುಗ್ಗುತ್ತದೆ, ಆದ್ದರಿಂದ ಅದನ್ನು ಮೂಡಿಸುವ ಕೋರ್ ಪಿನ್ನನ್ನೂ 20.30 ಮಿ.ಮೀ. ದಪ್ಪ ಮಾಡಬೇಕು.

ಭಾಗಾಕಾರ ಸುಲಭ. ಕಷ್ಟವಿರುವುದು ಆ ಶೇಕಡಾವನ್ನು ಆರಿಸುವುದರಲ್ಲಿ. ಕಾಳು ಮಾರುವವರು ಕೊಡುವ ಡೇಟಾಶೀಟಿನಲ್ಲಿ ಒಂದೇ ಅಂಕಿ ಇರುವುದು ಅಪರೂಪ, ಒಂದು ವ್ಯಾಪ್ತಿ ಇರುತ್ತದೆ. 1% ಎಂದು ಹಿಡಿದರೆ ಗುಳಿ 121.21, 2% ಎಂದು ಹಿಡಿದರೆ 122.45. ಒಂದೂಕಾಲು ಮಿಲಿಮೀಟರ್ ಅಂತರ! ಗೋಡೆ ದಪ್ಪವಾದರೆ ಹೆಚ್ಚು ಕುಗ್ಗುತ್ತದೆ. ತುಂಬಿದ ಮೇಲೂ ಒತ್ತಡ ಬಿಡದೆ ಹಿಡಿದರೆ ಕಡಿಮೆ. ಗಾಜಿನ ಎಳೆ ಬೆರೆಸಿದ ನೈಲಾನ್ ಅಂತೂ ಹರಿದ ದಿಕ್ಕಿಗೆ ಒಂದಷ್ಟು, ಅಡ್ಡಕ್ಕೆ ಅದರ ಎರಡು ಮೂರು ಪಟ್ಟು ಕುಗ್ಗುತ್ತದೆ.

ಅದಕ್ಕೇ ನುರಿತ ಅಚ್ಚುಗಾರ ತಪ್ಪುವುದಾದರೆ ಯಾವ ಕಡೆಗೆ ತಪ್ಪಬೇಕೆಂದು ಮೊದಲೇ ನಿರ್ಧರಿಸಿಕೊಳ್ಳುತ್ತಾನೆ. ಉಕ್ಕನ್ನು ಕೆರೆಯುವುದು ಸುಲಭ. ಕೆರೆದದ್ದನ್ನು ಮತ್ತೆ ಸೇರಿಸಲು ವೆಲ್ಡಿಂಗ್ ಮಾಡಿ ಉಜ್ಜಬೇಕು, ಗುರುತೂ ಉಳಿಯುತ್ತದೆ. ಹಾಗಾಗಿ ಗುಳಿಯನ್ನು ಚಿಕ್ಕದಾಗಿ, ಪಿನ್ನನ್ನು ದಪ್ಪವಾಗಿ ಇಟ್ಟು ಶುರುಮಾಡುತ್ತಾನೆ. ನಮ್ಮ ಮುಚ್ಚಳಕ್ಕೆ 1.2% ಹಿಡಿದು ಗುಳಿ 121.46 ಕೊರೆದ, ತೂತಿಗೆ 2% ಹಿಡಿದು ಪಿನ್ 20.41 ಮಾಡಿದ ಎನ್ನಿ. ಯಂತ್ರ ಹದಕ್ಕೆ ಬಂದ ಮೇಲೆ ಹೊಯ್ದ ಮುಚ್ಚಳಗಳನ್ನು ಒಂದು ದಿನ ಬಿಟ್ಟು ಅಳೆಯಬೇಕು. ಅಚ್ಚಿನಿಂದ ಹೊರಬಿದ್ದ ಮೇಲೂ ಪಾಲಿಪ್ರೊಪಿಲೀನ್ ಕುಗ್ಗುತ್ತಲೇ ಇರುತ್ತದೆ; ಬಿಸಿಬಿಸಿ ಇರುವಾಗಲೇ ವರ್ನಿಯರ್ ಹಿಡಿದು ‘ಸರಿ ಇದೆ’ ಎಂದು ಒಪ್ಪಿಕೊಂಡವರು ಮರುದಿನ ಪೇಚಾಡುತ್ತಾರೆ.

ಮರುದಿನದ ಅಳತೆ 119.40 ಬಂತು. ಅಂದರೆ 121.46ರಲ್ಲಿ 2.06 ಕುಗ್ಗಿದೆ, 1.7%. ಡೇಟಾಶೀಟನ್ನು ಪಕ್ಕಕ್ಕಿಟ್ಟು ಈ ಸ್ವಂತ ಅಂಕಿಯಿಂದಲೇ ಮತ್ತೆ ಲೆಕ್ಕ: 120 ÷ 0.983 = 122.08. ಗುಳಿಯ ಸುತ್ತಲೂ 0.31 ಮಿ.ಮೀ. ಕೆರೆದರೆ ಮುಗಿಯಿತು. ತೂತನ್ನೂ ಅಳೆದು ಪಿನ್ನನ್ನು ಹಾಗೆಯೇ ಸವರಬೇಕು, ಆದರೆ ಅದೇ 1.7% ಹಿಡಿದು ಅಲ್ಲ. ಪ್ಲಾಸ್ಟಿಕ್ ಆರುವಾಗ ಪಿನ್ ನಡುವೆ ನಿಂತು ತಡೆಯುವುದರಿಂದ ತೂತು ಸಾಮಾನ್ಯವಾಗಿ ತುಸು ಕಡಿಮೆಯೇ ಕುಗ್ಗಿರುತ್ತದೆ.

ಹೀಗೆ ತಿದ್ದಿದ ಅಚ್ಚು ಆ ಒಂದು ಪ್ಲಾಸ್ಟಿಕ್ಕಿಗೇ ಸರಿ. ಹೊಳಪು ಚೆನ್ನಾಗಿ ಬರುತ್ತದೆಂದು ಅದರಲ್ಲೇ ಎಬಿಎಸ್ ಹೊಯ್ದರೆ ಮುಚ್ಚಳ ಸುಮಾರು 121.5 ಮಿ.ಮೀ. ಬರುತ್ತದೆ, ಡಬ್ಬಿಯ ಬಾಯಿಗೆ ಕೂರುವುದಿಲ್ಲ. ಅಚ್ಚು ಮಾಡಿಸಲು ಹೋಗುವವರು ನಕ್ಷೆಯ ಜೊತೆಗೆ ಪ್ಲಾಸ್ಟಿಕ್ಕಿನ ಹೆಸರನ್ನೂ ಗ್ರೇಡನ್ನೂ ಮೊದಲೇ ಬರೆದುಕೊಡಿ.