ಸರ್ವೆ ನಂಬರ್ 12/3 ಇಪ್ಪತ್ತು ವರ್ಷ ಉಳಿಯಬೇಕಾದರೆ

ಕರ್ನಾಟಕ ರಾಜ್ಯಪತ್ರದಲ್ಲಿ ಬರುವ ಭೂಸ್ವಾಧೀನ ಅಧಿಸೂಚನೆಗಳ ಜೊತೆಗೆ ಒಂದು ಪಟ್ಟಿ ಇರುತ್ತದೆ. ಗ್ರಾಮ, ಸರ್ವೆ ನಂಬರ್, ಖಾತೆದಾರರ ಹೆಸರು, ಎಕರೆ-ಗುಂಟೆಯಲ್ಲಿ ವಿಸ್ತೀರ್ಣ ಅದರಲ್ಲಿರುತ್ತವೆ. ಇಂಥ ಪಟ್ಟಿಗಳು ಸಿಗುವುದು ಪಿಡಿಎಫ್‌ನಲ್ಲಿ. ಅದನ್ನು ಓದಬಹುದೇ ಹೊರತು ಕೂಡಿಸಲು, ಹೋಲಿಸಲು, ಹುಡುಕಲು ಆಗುವುದಿಲ್ಲ. ಹಾಗಾಗಿ ಸಂಶೋಧಕರು, ವಕೀಲರು, ರೈತರ ಪರ ಕೆಲಸ ಮಾಡುವವರು ಪಿಡಿಎಫ್‌ನಿಂದ ಕೋಷ್ಟಕವನ್ನು ಹೊರತೆಗೆದು ಸಾಲು-ಕಾಲಂಗಳಾಗಿ ಇಟ್ಟುಕೊಳ್ಳುತ್ತಾರೆ. ಹೊರತೆಗೆಯುವ ಕೆಲಸ ಒಂದೆರಡು ದಿನದಲ್ಲಿ ಮುಗಿಯಬಹುದು, ಪರಿಹಾರದ ವ್ಯಾಜ್ಯ ಮುಗಿಯಲು ದಶಕಗಳೇ ಬೇಕಾಗಬಹುದು. ಅಷ್ಟು ಕಾಲ ಆ ಕೋಷ್ಟಕವನ್ನು ಯಾವ ಬಗೆಯ ಫೈಲಿನಲ್ಲಿ ಇಡಬೇಕು? ಸಾಮಾನ್ಯವಾಗಿ ಎದುರಿಗಿರುವ ಆಯ್ಕೆಗಳು ಮೂರು: ಸಿಎಸ್‌ವಿ, ಎಕ್ಸೆಲ್, ಪಾರ್ಕೆ.

ಆಯ್ಕೆಗೆ ಮೊದಲು, ಹಾಳಾಗುವುದು ಹೇಗೆ ಎಂದು ಹತ್ತಿರದಿಂದ ನೋಡಬೇಕು. ನಮ್ಮ ಪಟ್ಟಿಯನ್ನು ಸಿಎಸ್‌ವಿಯಾಗಿ ಉಳಿಸಿದ್ದೇವೆ ಎಂದುಕೊಳ್ಳಿ. ಯಾರೋ ಅದರ ಮೇಲೆ ಎರಡು ಸಲ ಕ್ಲಿಕ್ ಮಾಡುತ್ತಾರೆ, ಅದು ಎಕ್ಸೆಲ್‌ನಲ್ಲಿ ತೆರೆದುಕೊಳ್ಳುತ್ತದೆ. ಸರ್ವೆ ನಂಬರ್ 12, ಹಿಸ್ಸಾ 3 ಎನ್ನುವುದನ್ನು ನಾವು 12/3 ಎಂದು ಬರೆದಿರುತ್ತೇವೆ. ಎಕ್ಸೆಲ್ ಅದನ್ನು ತಾರೀಖು ಎಂದು ತಿಳಿದು 12-Mar ಎಂದು ತೋರಿಸುತ್ತದೆ. ಕಂಪ್ಯೂಟರಿನಲ್ಲಿ ಅಮೆರಿಕದ ತಾರೀಖಿನ ಕ್ರಮವಿದ್ದರೆ ಅದೇ 3-Dec ಆಗುತ್ತದೆ. 112/3 ಅಥವಾ 12/3ಬಿ ಮಾತ್ರ ಇದ್ದ ಹಾಗೇ ಉಳಿಯುತ್ತವೆ. ಒಂದೇ ಕಾಲಂನಲ್ಲಿ ಕೆಲವು ಸಾಲು ಬದಲಾಗಿ ಕೆಲವು ಉಳಿಯುವುದರಿಂದ ಮೊದಲ ಪುಟ ನೋಡಿದವರಿಗೆ ತಪ್ಪು ಕಾಣದೇ ಹೋಗಬಹುದು. ಹಾಗೇ ಸೇವ್ ಒತ್ತಿದರೆ ಮೂಲ ಅಕ್ಷರಗಳು ಹೋದವು. ಮುಂದೆ ಬೇರೆ ಪ್ರೋಗ್ರಾಂ ಎಕ್ಸೆಲ್ ಫೈಲನ್ನು ಓದಿದಾಗ ಸರ್ವೆ ನಂಬರಿನ ಜಾಗದಲ್ಲಿ 45363 ಎಂಬ ಸಂಖ್ಯೆಯೂ ಸಿಗಬಹುದು. ಎಕ್ಸೆಲ್ ದಿನಗಳನ್ನು 1900ರಿಂದ ಎಣಿಸುತ್ತದೆ, ಆ ಎಣಿಕೆಯಲ್ಲಿ 2024ರ ಮಾರ್ಚ್ 12 ಬರುವುದು 45363ಕ್ಕೆ. ಸರ್ವೆ ನಂಬರ್ ಕಾಲಂನಲ್ಲಿ ತಿಂಗಳ ಹೆಸರೋ ನಲವತ್ತೈದು ಸಾವಿರದ ಆಸುಪಾಸಿನ ಸಂಖ್ಯೆಯೋ ಕಂಡರೆ ಆಗಿರುವುದು ಇದೇ. ಜೀವವಿಜ್ಞಾನಿಗಳೂ ಇದೇ ಕಾಟ ಅನುಭವಿಸಿದರು. SEPT1, MARCH1 ಎಂಬ ಜೀನ್‌ಗಳು ತಾರೀಖುಗಳಾಗುವುದನ್ನು ತಪ್ಪಿಸಲು 2020ರಲ್ಲಿ ಆ ಜೀನ್‌ಗಳ ಹೆಸರನ್ನೇ SEPTIN1, MARCHF1 ಎಂದು ಬದಲಿಸಬೇಕಾಯಿತು. ಸರ್ವೆ ನಂಬರನ್ನು ನಾವು ಹಾಗೆ ಬದಲಿಸುವಂತಿಲ್ಲ.

ವಿಸ್ತೀರ್ಣದ ಕಾಲಂ ಇನ್ನೂ ಸೂಕ್ಷ್ಮ. 2 ಎಕರೆ 10 ಗುಂಟೆಯನ್ನು 2.10 ಎಂದು ಬರೆಯುವ ರೂಢಿಯಿದೆ. ಪ್ರೋಗ್ರಾಂಗೆ ಅದು ದಶಮಾಂಶ ಸಂಖ್ಯೆ, ಕೊನೆಯ ಸೊನ್ನೆಗೆ ಬೆಲೆಯಿಲ್ಲ, ಉಳಿಯುವುದು 2.1. ಮುಂದೆ ಓದುವವರು ಅದನ್ನು 2 ಎಕರೆ 1 ಗುಂಟೆ ಎಂದು ಓದಿದರೆ ಆ ರೈತನ 9 ಗುಂಟೆ ಲೆಕ್ಕದಿಂದ ಮಾಯ. ಕೂಡಿಸಿದರೂ ತಪ್ಪೇ. 2.30 ಮತ್ತು 1.20 ಸೇರಿ 3.50 ಎಂದು ಯಂತ್ರ ಹೇಳುತ್ತದೆ. ಎಕರೆಗೆ 40 ಗುಂಟೆ, ಹಾಗಾಗಿ ಸರಿಯಾದ ಉತ್ತರ 4 ಎಕರೆ 10 ಗುಂಟೆ. ಇದಕ್ಕೆ ಯಾವ ಫೈಲ್ ಬಗೆಯಲ್ಲೂ ಮದ್ದಿಲ್ಲ. ಎಕರೆಗೊಂದು, ಗುಂಟೆಗೊಂದು ಕಾಲಂ ಮಾಡಿ ಎರಡರಲ್ಲೂ ಪೂರ್ಣಾಂಕ ಇಡುವುದೊಂದೇ ದಾರಿ.

ಇಷ್ಟು ನೋಡಿದ ಮೇಲೆ ಸಿಎಸ್‌ವಿಯ ಗುಣ ಮತ್ತು ಕೊರತೆ ಎರಡೂ ಸ್ಪಷ್ಟವಾಗುತ್ತವೆ. ಅದು ಬರೀ ಪಠ್ಯ. ಒಂದು ಸಾಲಿಗೆ ಒಂದು ದಾಖಲೆ, ನಡುವೆ ಅಲ್ಪವಿರಾಮ. ನೋಟ್‌ಪ್ಯಾಡ್‌ನಲ್ಲಿ ತೆರೆದರೂ ಮನುಷ್ಯ ಓದಬಹುದು, ಇಪ್ಪತ್ತು ವರ್ಷದ ನಂತರವೂ ಓದಲು ವಿಶೇಷ ಪ್ರೋಗ್ರಾಂ ಬೇಕಾಗುವುದಿಲ್ಲ. ಆದರೆ 12/3 ಎಂಬುದು ಹೆಸರೋ ತಾರೀಖೋ ಭಿನ್ನರಾಶಿಯೋ ಎಂದು ಹೇಳಲು ಆ ಫೈಲಿನೊಳಗೆ ಜಾಗವೇ ಇಲ್ಲ. ಊಹಿಸುವ ಕೆಲಸ ಪ್ರತಿ ಸಲವೂ ತೆರೆಯುವ ಪ್ರೋಗ್ರಾಮಿನದು. ಅಕ್ಷರಗಳನ್ನು ಯಾವ ಸಂಕೇತದಲ್ಲಿ ಬರೆಯಲಾಗಿದೆ ಎಂಬುದನ್ನೂ ಅದು ಹೇಳುವುದಿಲ್ಲ. ಯುಟಿಎಫ್-8ರಲ್ಲಿ ಬರೆದ ಕನ್ನಡದ ‘ಕ’ ಎಕ್ಸೆಲ್‌ನಲ್ಲಿ à²• ಎಂದು ಕಾಣಿಸಿಕೊಳ್ಳುವುದು ಇದರಿಂದಲೇ. ಆಗ ಗಾಬರಿಯಾಗಿ ಸೇವ್ ಮಾಡದೆ, ಖಾಲಿ ವರ್ಕ್‌ಬುಕ್‌ನಲ್ಲಿ Data ಮೆನುವಿನ From Text/CSV ಮೂಲಕ ಫೈಲನ್ನು ತಂದು 65001: Unicode (UTF-8) ಆರಿಸಿದರೆ ಅಕ್ಷರಗಳು ಸರಿಯಾಗುತ್ತವೆ. ಎಕ್ಸೆಲ್‌ನಿಂದ ಉಳಿಸುವಾಗಲೂ ಸಾದಾ CSV ಆರಿಸಿದರೆ ಕನ್ನಡವೆಲ್ಲ ಪ್ರಶ್ನಾರ್ಥಕ ಚಿಹ್ನೆಗಳಾಗುತ್ತದೆ, ಅದನ್ನು ಮರಳಿ ಪಡೆಯಲಾಗದು. CSV UTF-8 ಎಂಬುದನ್ನೇ ಆರಿಸಬೇಕು. ನುಡಿಯಂಥ ಹಳೆಯ ಫಾಂಟ್‌ಗಳಲ್ಲಿ ಸಿದ್ಧವಾದ ಪಿಡಿಎಫ್ ಆಗಿದ್ದರೆ ಹೊರಬರುವುದು ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಅದನ್ನು ಯೂನಿಕೋಡ್‌ಗೆ ಪರಿವರ್ತಿಸಿಯೇ ಸಂಗ್ರಹಿಸಬೇಕು, ಏಕೆಂದರೆ ಮುಂದೆ ಆ ಫಾಂಟ್ ಯಾವುದೆಂದು ಯಾರಿಗೂ ನೆನಪಿರುವುದಿಲ್ಲ.

ಎಕ್ಸೆಲ್ ವರ್ಕ್‌ಬುಕ್ ಊಹೆಗೆ ಬಿಡುವುದಿಲ್ಲ, ಕೋಶಕ್ಕೊಂದು ಬಗೆಯನ್ನು ಬರೆದಿಡುತ್ತದೆ. ಇವತ್ತಿನ xlsx ಎನ್ನುವುದು ಜಿಪ್ ಮಾಡಿದ ಎಕ್ಸ್‌ಎಂಎಲ್ ಫೈಲುಗಳ ಕಟ್ಟು. ಅದರ ವಿವರಣೆ 2008ರಿಂದ ಅಂತರರಾಷ್ಟ್ರೀಯ ಮಾನಕವಾಗಿ ಪ್ರಕಟವಾಗಿದೆ. ಆದ್ದರಿಂದ ಮುಂದೆ ತೆರೆಯಲಾಗದು ಎಂಬ ಭಯ ನನಗಿಲ್ಲ. ನನ್ನ ತಕರಾರು ಬೇರೆ. ಬಗೆಯನ್ನು ಎಕ್ಸೆಲ್ ನೆನಪಿಡುವುದು ಒಂದೊಂದು ಕೋಶಕ್ಕೆ, ಇಡೀ ಕಾಲಂಗಲ್ಲ. ಹಾಗಾಗಿ ಒಂದೇ ಕಾಲಂನಲ್ಲಿ ಪಠ್ಯ, ತಾರೀಖು, ಸಂಖ್ಯೆ ಮೂರೂ ಸದ್ದಿಲ್ಲದೆ ಕೂತಿರಬಹುದು. ವಿಲೀನ ಮಾಡಿದ ಕೋಶಗಳು, ‘ಹಳದಿ ಬಣ್ಣ ಅಂದರೆ ಪರಿಶೀಲಿಸಬೇಕು’ ಎಂಬಂಥ ಒಪ್ಪಂದಗಳು ಬರೆದವರ ತಲೆಯಲ್ಲೇ ಉಳಿಯುತ್ತವೆ. ಜೊತೆಗೆ ಮಿತಿಯೂ ಉಂಟು. ಒಂದು ಹಾಳೆಗೆ 10,48,576 ಸಾಲು, ಹಳೆಯ xls ಬಗೆಗೆ ಬರೀ 65,536. 2020ರ ಸೆಪ್ಟೆಂಬರ್ ಕೊನೆಯಲ್ಲಿ ಇಂಗ್ಲೆಂಡಿನ ಆರೋಗ್ಯ ಇಲಾಖೆಯಡಿ ಪ್ರಯೋಗಾಲಯಗಳ ಸಿಎಸ್‌ವಿ ಫೈಲುಗಳನ್ನು ಆ ಹಳೆಯ ಬಗೆಯೊಳಗೆ ಸುರಿಯುತ್ತಿದ್ದಾಗ ಮಿತಿ ಮೀರಿದ ಸಾಲುಗಳು ಬಿಟ್ಟುಹೋದವು. 15,841 ಕೋವಿಡ್ ಪ್ರಕರಣಗಳು ದಿನದ ಲೆಕ್ಕಕ್ಕೆ ಬರಲಿಲ್ಲ, ಆ ಸೋಂಕಿತರ ಸಂಪರ್ಕಕ್ಕೆ ಬಂದವರನ್ನು ಹುಡುಕುವುದೂ ತಡವಾಯಿತು.

ಪಾರ್ಕೆ ಹುಟ್ಟಿದ್ದು 2013ರಲ್ಲಿ, ಟ್ವಿಟರ್ ಮತ್ತು ಕ್ಲೌಡೆರಾ ಕಂಪನಿಗಳ ಎಂಜಿನಿಯರುಗಳ ಕೈಯಲ್ಲಿ. ಈಗ ಅಪಾಚೆ ಪ್ರತಿಷ್ಠಾನದ ಮುಕ್ತ ಯೋಜನೆ. ಇದು ಸಾಲುಗಳ ಬದಲು ಕಾಲಂಗಳನ್ನು ಒಟ್ಟಿಗೆ ಇಡುತ್ತದೆ. ನಮ್ಮ ಪಟ್ಟಿಯಲ್ಲಿ ಒಂದೇ ಗ್ರಾಮದ ಹೆಸರು ಮುನ್ನೂರು ಸಾಲುಗಳಲ್ಲಿ ಬಂದರೆ, ಹೆಸರನ್ನು ಒಂದು ಸಲ ಬರೆದು ಉಳಿದೆಡೆ ಅದರ ಕ್ರಮಸಂಖ್ಯೆಯನ್ನಷ್ಟೇ ಇಡಬಲ್ಲದು. ಆಮೇಲೆ ಸಂಕುಚಿಸುತ್ತದೆ ಕೂಡ. ಹಾಗಾಗಿ ದೊಡ್ಡ ಕೋಷ್ಟಕ ಸಿಎಸ್‌ವಿಗಿಂತ ಹಲವು ಪಟ್ಟು ಚಿಕ್ಕದಾಗುತ್ತದೆ. ನನಗೆ ಇದಕ್ಕಿಂತ ಮುಖ್ಯವಾದದ್ದು ಇನ್ನೊಂದು. ಪ್ರತಿ ಕಾಲಂನ ಬಗೆ ಫೈಲಿನೊಳಗೇ ದಾಖಲಾಗುತ್ತದೆ. ಸರ್ವೆ ನಂಬರ್ ಪಠ್ಯ ಎಂದು ಒಮ್ಮೆ ಬರೆದರೆ ಅದು ಪಠ್ಯವೇ. ಖಾಲಿ ಅಕ್ಷರ ಬೇರೆ, ಮಾಹಿತಿ ಇಲ್ಲ ಎಂಬುದು ಬೇರೆ ಎಂದೂ ಅದು ಬಲ್ಲದು.

ಅದಕ್ಕೂ ತೊಡಕುಗಳಿವೆ. ನೋಟ್‌ಪ್ಯಾಡ್‌ನಲ್ಲಿ ತೆರೆದರೆ ಅರ್ಥವಾಗುವುದು ಮೊದಲ ನಾಲ್ಕು ಅಕ್ಷರ, PAR1, ಮತ್ತು ಅಲ್ಲಲ್ಲಿ ಒಂದಿಷ್ಟು ಮಾತ್ರ. ಓದಲು ಪ್ರೋಗ್ರಾಂ ಬೇಕೇ ಬೇಕು. ಕಾಲಂಗಳ ವಿವರ ಇರುವುದು ಫೈಲಿನ ಕೊನೆಯಲ್ಲಿ. ನಕಲು ಅರ್ಧಕ್ಕೆ ನಿಂತು ಬಾಲ ಕತ್ತರಿಸಿಹೋದರೆ ಪಾರ್ಕೆ ತೆರೆಯುವುದೇ ಇಲ್ಲ, ಸಿಎಸ್‌ವಿಯಾದರೆ ಬಂದಷ್ಟು ಸಾಲು ಸಿಗುತ್ತದೆ. ಇದನ್ನು ಸಿಎಸ್‌ವಿಯ ದೊಡ್ಡ ಗುಣವೆಂದು ಹೇಳುವವರಿದ್ದಾರೆ. ನಾನು ಪೂರ್ತಿ ಒಪ್ಪಲಾರೆ. ಅರ್ಧ ಸಿಎಸ್‌ವಿ ಪೂರ್ತಿ ಫೈಲಿನ ಹಾಗೇ ತೆರೆದುಕೊಳ್ಳುತ್ತದೆ, ಕೊನೆಯ ಗ್ರಾಮಗಳು ಬಿಟ್ಟುಹೋದದ್ದು ಯಾರಿಗೂ ಗೊತ್ತಾಗುವುದಿಲ್ಲ. ಪಾರ್ಕೆ ಆಗಲೇ ಕೂಗಿ ಹೇಳುತ್ತದೆ. ಎರಡಕ್ಕೂ ಒಂದೇ ಪರಿಹಾರ: ಸಾಲುಗಳ ಸಂಖ್ಯೆ ಮತ್ತು ಫೈಲಿನ ಚೆಕ್‌ಸಮ್ ಅನ್ನು ಬೇರೆ ಕಡೆ ಬರೆದಿಡುವುದು.

ಹಾಗಾದರೆ ನಮ್ಮ ಪಟ್ಟಿಗೆ ಯಾವುದು? ಸಾವಿರಗಳಿಂದ ಕೆಲವು ಲಕ್ಷ ಸಾಲುಗಳವರೆಗಿನ ಕೋಷ್ಟಕಕ್ಕೆ ನನ್ನ ಉತ್ತರ ಯುಟಿಎಫ್-8 ಸಿಎಸ್‌ವಿ. ಆದರೆ ಒಂಟಿಯಾಗಿ ಅಲ್ಲ. ಅದರ ಪಕ್ಕದಲ್ಲಿ ಒಂದು ಸಾದಾ ಪಠ್ಯದ ಫೈಲ್ ಇರಬೇಕು, ಪ್ರತಿ ಕಾಲಂಗೆ ಒಂದು ಸಾಲಿನಂತೆ: `survey_no` ಪಠ್ಯ, ಸರ್ವೆ ಮತ್ತು ಹಿಸ್ಸಾ ನಡುವೆ ಓರೆಗೆರೆ, `gunta` ಪೂರ್ಣಾಂಕ, 0ಯಿಂದ 39, ಮೂಲದಲ್ಲಿ ‘-’ ಇದ್ದರೆ ಅದರ ಅರ್ಥವೇನು, ಯಾವ ಅಧಿಸೂಚನೆ, ಯಾವ ಪುಟ, ಒಟ್ಟು ಎಷ್ಟು ಸಾಲು. ಮೂಲ ಪಿಡಿಎಫ್ ಕೂಡ ಅದೇ ಫೋಲ್ಡರಿನಲ್ಲಿರಬೇಕು. ಪರಿಹಾರದ ಮೊತ್ತವನ್ನು 12,50,000 ಎಂದು ಬರೆಯದೆ 1250000 ಎಂದೇ ಬರೆಯಬೇಕು. ಉದ್ಧರಣ ಚಿಹ್ನೆ ಮರೆತರೆ ಒಂದು ಮೊತ್ತ ಮೂರು ಕಾಲಂಗಳಾಗಿ ಒಡೆದು ಮುಂದಿನದೆಲ್ಲ ಪಕ್ಕಕ್ಕೆ ಸರಿಯುತ್ತದೆ.

ದಿನನಿತ್ಯದ ಲೆಕ್ಕಾಚಾರಕ್ಕೆ ಇದರಿಂದಲೇ ಪಾರ್ಕೆ ಪ್ರತಿ ಮಾಡಿಕೊಳ್ಳಬಹುದು. ಪೈಥಾನ್‌ನಲ್ಲಾದರೆ ಹೀಗೆ:

```python
import pandas as pd
t = pd.read_csv("adhisuchane.csv", dtype=str,
                keep_default_na=False)
t["acre"] = t["acre"].astype(int)
t["gunta"] = t["gunta"].astype(int)
assert t["gunta"].between(0, 39).all()
t.to_parquet("adhisuchane.parquet")
```

ಎಲ್ಲವನ್ನೂ ಮೊದಲು ಪಠ್ಯವಾಗಿ ಓದಿ (`dtype=str`), ಬೇಕಾದ ಕಾಲಂಗಳನ್ನಷ್ಟೇ ನಾವೇ ಹೇಳಿ ಸಂಖ್ಯೆ ಮಾಡುವುದು ಇಲ್ಲಿನ ಮುಖ್ಯ ಹೆಜ್ಜೆ. ಅದನ್ನು ಬಿಟ್ಟರೆ ಜನಗಣತಿಯ ಐದಂಕಿಯ ತಾಲೂಕು ಕೋಡ್‌ನ ಮೊದಲ ಸೊನ್ನೆ ಓದುವಾಗಲೇ ಉದುರಿ, ಆ ತಪ್ಪು ಪಾರ್ಕೆಯಲ್ಲಿ ಕಾಯಂ ಆಗಿ ಕೂರುತ್ತದೆ. ಗುಂಟೆಯ ಕಾಲಂನಲ್ಲಿ ಖಾಲಿ ಜಾಗವೋ 45 ಎಂಬ ಸಂಖ್ಯೆಯೋ ಇದ್ದರೆ ಪ್ರೋಗ್ರಾಂ ಅಲ್ಲೇ ನಿಲ್ಲುತ್ತದೆ. ಆಗ ಪಿಡಿಎಫ್‌ನ ಆ ಪುಟ ತೆಗೆದು ನೋಡಬೇಕು.

ಇಡೀ ರಾಜ್ಯದ ಹಲವು ವರ್ಷಗಳ ಅಧಿಸೂಚನೆಗಳು ಸೇರಿ ಕೋಟಿ ಸಾಲು ದಾಟಿದರೆ ನನ್ನ ಉತ್ತರ ಬದಲಾಗುತ್ತದೆ. ಆಗ ಪಾರ್ಕೆಯನ್ನೇ ಮೂಲ ಪ್ರತಿ ಮಾಡಿ, ವರ್ಷಕ್ಕೊಂದು ಫೈಲಿನಂತೆ ಒಡೆದಿಟ್ಟರೆ ಒಂದು ಕೆಟ್ಟರೂ ಉಳಿದವು ಸುರಕ್ಷಿತ. ಇಲಾಖೆಯೇ ಎಕ್ಸೆಲ್‌ನಲ್ಲಿ ಕೊಟ್ಟ ಪಟ್ಟಿಯಾದರೆ ಆ ವರ್ಕ್‌ಬುಕ್ಕೇ ಮೂಲ ದಾಖಲೆ. ಪಿಡಿಎಫ್‌ನಂತೆ ಅದನ್ನು ಮುಟ್ಟದೆ ಇಟ್ಟು, ಸಿಎಸ್‌ವಿಯನ್ನು ಬೇರೆಯಾಗಿ ಮಾಡಬೇಕು. ಮಿಕ್ಕಂತೆ ಎಕ್ಸೆಲ್ ಬೇಕಾಗುವುದು ಇನ್ನೊಬ್ಬರಿಗೆ ತೋರಿಸಲು, ಅಂಥ ಪ್ರತಿಯನ್ನು ಬೇಕೆಂದಾಗ ಮತ್ತೆ ತಯಾರಿಸಿದರಾಯಿತು. ಹಾಗೆ ಕೊಟ್ಟ ಪ್ರತಿಯಲ್ಲಿ ಯಾರಾದರೂ ತಪ್ಪು ಕಂಡುಹಿಡಿದರೆ ತಿದ್ದುಪಡಿಯನ್ನು ಸಾಲಿನ ಸಂಖ್ಯೆಯ ಸಮೇತ ಬರೆದುಕೊಂಡು ಸಿಎಸ್‌ವಿಯಲ್ಲೇ ತಿದ್ದಬೇಕು, ಅದೂ ಸಾದಾ ಪಠ್ಯ ಸಂಪಾದಕದಲ್ಲಿ. ಆಮೇಲೆ ಚೆಕ್‌ಸಮ್ ಹೊಸದಾಗಿ ತೆಗೆದು, ಪಾರ್ಕೆ ಪ್ರತಿಯನ್ನೂ ಅದರಿಂದ ಮತ್ತೊಮ್ಮೆ ಹೊರಡಿಸಬೇಕು.